ಸಂಬಳ ಚೀಟಿಯಿಂದ ಮನೆಯ ಆಯವ್ಯಯ



ದ್ವಿತೀಯ ದರ್ಜೆ ಸಹಾಯಕರೊಬ್ಬರ ಮನೆಯ ಲೆಕ್ಕವನ್ನು ಉದಾಹರಣೆಯಾಗಿ ಪರಿಶೀಲಿಸಬಹುದು. ಅವರು ಹನ್ನೆರಡು ತಿಂಗಳ ಸಂಬಳ ಚೀಟಿಗಳನ್ನು ಮುಂದಿಟ್ಟುಕೊಂಡು, ಸರಾಸರಿಯನ್ನು ಬದಿಗಿರಿಸಿ, ಅತಿ ಕಡಿಮೆ ನಿವ್ವಳ ವೇತನವಾದ ರೂ. 31,400ನ್ನೇ ಮಾಸಿಕ ಆದಾಯವೆಂದು ಪರಿಗಣಿಸಿದರು. ತುಟ್ಟಿಭತ್ಯೆ ಬಾಕಿ, ಗಳಿಕೆ ರಜೆ ನಗದೀಕರಣಗಳನ್ನು ಪ್ರತ್ಯೇಕವಾಗಿ ಬರೆದರು. ಹಬ್ಬದ ಮುಂಗಡವನ್ನು ಆದಾಯಕ್ಕೆ ಸೇರಿಸಲಿಲ್ಲ. ಅದು ಕಂತುಗಳಲ್ಲಿ ವಸೂಲಾಗುವ ಸಾಲವಷ್ಟೆ. ಕೆಜಿಐಡಿ ಕಂತು ಚೀಟಿಯಲ್ಲಿಯೇ ಕಡಿತವಾಗಿರುವುದರಿಂದ ಅದನ್ನು ವೆಚ್ಚದಲ್ಲಿ ಮತ್ತೆ ತೋರಿಸುವಂತಿಲ್ಲ.

ಇನ್ನು ಅವರು ಕೈಯಿಂದ ಕಟ್ಟಬೇಕಾದ ವಾರ್ಷಿಕ ವಿಮಾ ಕಂತುಗಳು: ಡಿಸೆಂಬರ್‌ನಲ್ಲಿ ಆರೋಗ್ಯ ವಿಮೆ ರೂ. 15,600, ಮಾರ್ಚ್‌ನಲ್ಲಿ ಜೀವವಿಮೆ ರೂ. 18,000, ಆಗಸ್ಟ್‌ನಲ್ಲಿ ದ್ವಿಚಕ್ರ ವಾಹನ ವಿಮೆ ರೂ. 2,400. ಒಟ್ಟು ರೂ. 36,000. ತಿಂಗಳಿಗೆ ರೂ. 3,000ದಂತೆ ಬೇರೊಂದು ಉಳಿತಾಯ ಖಾತೆಗೆ ವರ್ಗಾಯಿಸಿದರೆ ಮನೆವೆಚ್ಚಕ್ಕೆ ಉಳಿಯುವುದು ರೂ. 28,400.

ಹಲವರು ಎಡವುವುದು ಇಲ್ಲಿಯೇ. ಹನ್ನೆರಡರಿಂದ ಭಾಗಿಸಿದ ಲೆಕ್ಕ ಮೊದಲ ವರ್ಷ ಸಾಲದು. ಅಕ್ಟೋಬರ್‌ನಲ್ಲಿ ಆರಂಭಿಸಿದ ಅವರ ಖಾತೆಯಲ್ಲಿ ಡಿಸೆಂಬರ್‌ಗೆ ಸೇರಿದ್ದು ರೂ. 9,000 ಮಾತ್ರ, ಕೊರತೆ ರೂ. 6,600. ಮಾರ್ಚ್‌ನಲ್ಲಿ ಮತ್ತೆ ರೂ. 9,000 ಕೊರತೆ. ಈ ರೂ. 15,600ನ್ನು ನವೆಂಬರ್‌ನಲ್ಲಿ ಕೈಸೇರಿದ ರಜೆ ನಗದೀಕರಣದ ಮೊತ್ತದಿಂದ ತುಂಬಿದರು. ಮರುವರ್ಷ ಅಂತಹ ನೆರವು ಬೇಕಾಗಲಿಲ್ಲ. ಆ ಸಾಲಿನ ತುಟ್ಟಿಭತ್ಯೆ ಬಾಕಿ ಮನೆಯ ಮಾಳಿಗೆ ದುರಸ್ತಿಗೆ ಒದಗಿತು.