ನೆರೆಯುಂಡ ಮನೆಗೆ ಬನ್ನಿ ಕೊಡುವ ಬಗೆ



ವಿಜಯದಶಮಿಯಂದು ಬನ್ನಿಯ ಎಲೆಗಳನ್ನು ಹಿರಿಯರ ಕೈಯಲ್ಲಿಟ್ಟು, “ಬನ್ನಿ ತಗೊಂಡು ಬಂಗಾರದಂಗ ಇರೋಣು” ಎಂದು ನಮಸ್ಕರಿಸುವ ವಾಡಿಕೆಯು ಉತ್ತರ ಕರ್ನಾಟಕದಲ್ಲಿ ಸರ್ವವಿದಿತವಾಗಿದೆ. ಆದರೆ ಹೊಲಮನೆಗಳೆರಡನ್ನೂ ನೀರಿಗೆ ಒಪ್ಪಿಸಿ ಕುಳಿತವರ ಮುಂದೆ ಈ ಮಾತನ್ನು ಆಡುವುದು ಹೇಗೆ?

2020ನೆಯ ಇಸವಿಯಲ್ಲಿ ಈ ಪ್ರಶ್ನೆಯು ಭೀಮಾತೀರದಲ್ಲಿ ಪ್ರತ್ಯಕ್ಷವಾಯಿತು. ಅಕ್ಟೋಬರ್ ತಿಂಗಳ ನಡುವಿನಲ್ಲಿ ಸುರಿದ ಭಾರಿ ಮಳೆಯಿಂದಲೂ, ಮೇಲಿನ ಉಜನಿ ಜಲಾಶಯದಿಂದ ಬಿಟ್ಟ ನೀರಿನಿಂದಲೂ ನದಿಯು ಉಕ್ಕಿ, ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳ ದಡದ ಊರುಗಳನ್ನು ಹೊಕ್ಕಿತು. ಅದೇ ತಿಂಗಳ ಕೊನೆಯ ವಾರದಲ್ಲಿ ದಸರೆಯು ಬಂದಿತು. ತೊಗರಿಯು ಹೂವಿಗೆ ಬರುವ ಕಾಲವದು. ಎರೆಭೂಮಿಯಲ್ಲಿ ನೀರು ನಿಂತರೆ ಬೇರಿಗೆ ಗಾಳಿಯಾಡದೆ ಗಿಡವು ನಿಂತಲ್ಲಿಯೇ ಬಾಡುವುದು. ನೀರಿಳಿದ ಮೇಲೆ ಹೊಲವು ಹಸಿರಾಗಿ ತೋರಿದರೂ ಒಕ್ಕಲಿಗನಿಗೆ ನಿಜವು ತಿಳಿದಿರುತ್ತದೆ. ಆದುದರಿಂದ “ಪೈರು ಉಳಿದಿದೆಯಲ್ಲ” ಎಂಬ ಸಮಾಧಾನವು ಅವನಿಗೆ ನೋವನ್ನೇ ತರುವುದು.

ಅಂಥ ಒಂದು ಮನೆಯನ್ನು ಭಾವಿಸಿರಿ. ಪ್ರತಿವರ್ಷ ಬನ್ನಿ ಹಿಡಿದು ಬರುತ್ತಿದ್ದ ಆ ಮನೆಯವರು ಈ ಸಲ ಹೊರಬಿದ್ದಿಲ್ಲ. ಅವರ ದಾರಿಯನ್ನು ಕಾಯದೆ, ಹಿರಿಯರೇ ಎದ್ದು ಅವರಲ್ಲಿಗೆ ಹೋಗತಕ್ಕುದು. ತುಂಬಿದ ಪಾತ್ರೆಯನ್ನು ಒಯ್ಯಬಾರದು. ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದು ಮನೆಯಾಕೆಗೆ ಸಂಕೋಚ. ಬಗ್ಗಿಸಿಕೊಳ್ಳಲು ಬೇರೆ ಪಾತ್ರೆಯೂ ಹೊಳೆಯ ಪಾಲಾಗಿದ್ದೀತು. ರೊಟ್ಟಿ ಪಲ್ಯಗಳನ್ನು ಬಟ್ಟೆಯಲ್ಲಿ ಬುತ್ತಿ ಕಟ್ಟಿ ಒಯ್ದರೆ ಅವಳು ಏನನ್ನೂ ಹುಡುಕಬೇಕಾಗುವುದಿಲ್ಲ. ಹೋದವರು ಹಾನಿಯ ಲೆಕ್ಕವನ್ನು ಕೇಳಬಾರದು. ಪಂಚನಾಮೆಯವರು ಅದನ್ನು ಕೇಳಿಯೇ ಇರುವರು. ಮನೆಯವರಾಗಿಯೇ ಹೇಳತೊಡಗಿದರೆ ಮಾತ್ರ ಕೊನೆಯವರೆಗೆ ಕೇಳಬೇಕು. ನೆರೆಮನೆಯವರ ಹೆಚ್ಚಿನ ಹಾನಿಯನ್ನು ಎತ್ತಿ ಹೇಳಿ ಅವರ ಮಾತನ್ನು ಕಡಿಯಬಾರದು.

ಇನ್ನು ಹಾರೈಕೆಯ ಮಾತು. ಹಬ್ಬವನ್ನು ಮರೆಮಾಚಿದರೆ ಆ ಮನೆಯನ್ನು ಊರಿನಿಂದ ಹೊರಗಿಟ್ಟಂತಾಗುವುದು. ಹಳೆಯ ಮಾತನ್ನೇ ನಗುತ್ತ ಆಡಿದರೆ ಅಣಕದಂತಾಗುವುದು. ಎಲೆಯನ್ನು ಕೈಯಲ್ಲಿಟ್ಟು ಇಷ್ಟೇ ಹೇಳಬಹುದು: “ಅಕ್ಕಾ, ಬನ್ನಿ ತಗೋರಿ. ಬಂಗಾರದ ಮಾತು ಆಡ್ಲಿಕ್ಕ ಈ ಸಲ ಬಾಯಿ ಬರವಲ್ದು. ನಿಮ್ಮ ಜೋಡಿ ನಾವು ಅದೀವಿ. ನಾಳಿ ಮುಂಜಾನೆ ಮನಿ ಕೆಸರು ತೆಗೀಲಿಕ್ಕ ಇಬ್ಬರು ಬರ್ತೀವಿ.” ನಾಳೆಯೆಂದು ಆಡಿದ ಮೇಲೆ ನಾಳೆಯೇ ಹೋಗಬೇಕು. ತಪ್ಪಿದರೆ ಆ ಮಾತು ಬರಿಯ ಹಾರೈಕೆಗಿಂತಲೂ ಹಗುರವಾಗುವುದು.

ಕೆಸರು ತೆಗೆದ ತರುವಾಯವೂ ಒಂದು ಕೆಲಸವಿದೆ. ಹೊಲವು ಕಾಲೂರುವಷ್ಟು ಆರಿ ಹದಕ್ಕೆ ಬಂದರೆ, ಹಿಂಗಾರಿಯ ಹೊತ್ತು ಮೀರುವ ಮುನ್ನ ಕಡಲೆಯನ್ನೋ ಜೋಳವನ್ನೋ ಬಿತ್ತಬಹುದು. ಆಗ ಬೀಜವೂ ಎತ್ತಿನ ಜೋಡಿಯೂ ಕೇಳದೆಯೇ ಬಾಗಿಲಿಗೆ ಬರಬೇಕು. ಹೊಲವು ಆರದಿದ್ದರೆ ಆ ವರ್ಷ ಬಿತ್ತನೆಯಿಲ್ಲ. ಆಗ ಬೇಕಾದುದು ಮುಂದಿನ ಸುಗ್ಗಿಯವರೆಗಿನ ಕಾಳು. ಯಾವುದು ಬೇಕೆಂಬುದನ್ನು ಆ ಮನೆಯ ಯಜಮಾನನೇ ಹೇಳಲಿ. ಕೊಟ್ಟದ್ದು ಸಭೆಯಲ್ಲಿ ಹೆಸರಾಗದಿರಲಿ. ಬರುವ ದಸರೆಗೆ ಅವರು ತಲೆಯೆತ್ತಿ ಬನ್ನಿ ಹಿಡಿದು ಬರುವಂತಿರಲಿ.