ಬಾಕ್ಸ್ ಒಂದು ಹೇಳುತ್ತೆ, ಶೂ ಇನ್ನೊಂದು ಹೇಳುತ್ತೆ

ಇವತ್ತಿನ ವಿಷಯ ಸೆಕೆಂಡ್‌ಹ್ಯಾಂಡ್ ಸ್ನೀಕರ್. ನಾನು ಶೂ ಎಕ್ಸ್‌ಪರ್ಟ್ ಅಲ್ಲ, ಬಿ.ಕಾಂ. ಓದಿದವನು. ಬಿಲ್ ಒಂದು ಕಡೆ, ಸ್ಟಾಕ್ ಇನ್ನೊಂದು ಕಡೆ ಇಟ್ಟು ತಾಳೆ ನೋಡೋದು ನಮಗೆ ಅಭ್ಯಾಸ. ಲಿಸ್ಟಿಂಗ್ ಫೋಟೋದಲ್ಲೂ ಮಾಡಬೇಕಾಗಿರೋದು ಅದೇ ಕೆಲಸ.

ಒಂದೇ ಶೂ ತಗೊಳ್ಳೋಣ. ನೈಕಿ ಡಂಕ್ ಲೋ, ಬಿಳಿ-ಕಪ್ಪು. ಎಲ್ಲರೂ ಪಾಂಡಾ ಅಂತ ಕರೆಯೋದು. ನೋಡೋಕೆ ಒಂದೇ ಥರ ಇದ್ರೂ ಇದರಲ್ಲಿ ಬೇರೆ ಬೇರೆ ಮಾಡೆಲ್ ಇವೆ. ಗಂಡಸರದ್ದು DD1391-100. ಹೆಂಗಸರದ್ದು DD1503-101. ದೊಡ್ಡ ಮಕ್ಕಳದ್ದು, ಅಂದ್ರೆ GS ಅಂತ ಬರೆದಿರೋದು, CW1590-100. ಇದೇ ಸ್ಟೈಲ್ ಕೋಡ್. ಇದು ಬಾಕ್ಸ್ ಬದಿಯ ಲೇಬಲ್ ಮೇಲೂ ಇರುತ್ತೆ, ಶೂ ನಾಲಿಗೆಯ ಒಳಗೆ ಹೊಲಿದಿರೋ ಸೈಜ್ ಟ್ಯಾಗ್ ಮೇಲೂ ಇರುತ್ತೆ. ಎರಡರಲ್ಲೂ ಒಂದೇ ಇರಬೇಕು.

ಇಲ್ಲಿ ನಮ್ಮವರು ಎಡವೋ ಜಾಗ ಸೈಜ್. ಇಂಡಿಯಾದಲ್ಲಿ ನಾವು ಯುಕೆ ಸೈಜ್ ಕೇಳ್ತೀವಿ. ಯುಕೆ 6 ಅಂದ್ರೆ ಈ ಮೂರೂ ಮಾಡೆಲ್‌ನಲ್ಲಿ ಯುಕೆ 6 ಅಂತಲೇ ಇರುತ್ತೆ, ಯುರೋಪ್ ಸೈಜೂ 40 ಅಂತಲೇ ಇರುತ್ತೆ. ವ್ಯತ್ಯಾಸ ಗೊತ್ತಾಗೋದು ಯುಎಸ್ ಸೈಜ್‌ನಲ್ಲಿ. ಗಂಡಸರದ್ದಾದ್ರೆ 7, ಹೆಂಗಸರದ್ದಾದ್ರೆ 8.5, ಮಕ್ಕಳದ್ದಾದ್ರೆ 7Y. ಅದಕ್ಕೇ ‘ಯುಕೆ 6’ ಅಂತ ಮಾತ್ರ ಬರೆದಿರೋ ಲಿಸ್ಟಿಂಗ್ ನಿಮಗೆ ಅರ್ಧ ವಿಷಯ ಮಾತ್ರ ಹೇಳ್ತಿದೆ. GS ಜೋಡಿ ನಕಲಿ ಅಲ್ಲ, ಆದ್ರೆ ಅದರ ಅಂಗಡಿ ಬೆಲೆ ದೊಡ್ಡವರ ಜೋಡಿಗಿಂತ ಕಡಿಮೆ. ದೊಡ್ಡವರ ಬೆಲೆ ಕೊಟ್ಟು ತಗೊಂಡ್ರೆ ಜೇಬಿಗೆ ಕತ್ತರಿ.

ಈಗ ಒಂದು ಲಿಸ್ಟಿಂಗ್ ನೋಡೋಣ. ಹೋದ ತಿಂಗಳು ನನ್ನ ಫ್ರೆಂಡ್ ಕಳಿಸಿದ್ದು. ಮೊದಲ ಸಂಬಳದ ದುಡ್ಡು, ಒಂಬತ್ತು ಸಾವಿರ ರೂಪಾಯಿ, ರಿಟರ್ನ್ ಇಲ್ಲ. ‘ಮೆನ್ಸ್ ಪಾಂಡಾ, ಯುಕೆ 6, ಬಾಕ್ಸ್ ಸಮೇತ, ಒಮ್ಮೆಯೂ ಹಾಕಿಲ್ಲ’ ಅಂತ ಬರೆದಿತ್ತು. ಬಾಕ್ಸ್ ಲೇಬಲ್ ಫೋಟೋ ಚೆನ್ನಾಗಿತ್ತು: DD1391-100, ಯುಎಸ್ 7, ಯುಕೆ 6. ಟ್ಯಾಗ್ ಫೋಟೋ ಸ್ವಲ್ಪ ಮಸುಕು. ಝೂಮ್ ಮಾಡಿದ್ರೆ ಯುಕೆ 6 ಸರಿ, ಯುರೋಪ್ 40 ಸರಿ, ಆದ್ರೆ ಯುಎಸ್ 8.5. ಕೆಳಗಿನ ಕೋಡ್‌ನ ಕೊನೆ ಅಂಕಿ 0 ಅಲ್ಲ, 1. ಅಂದ್ರೆ ಬಾಕ್ಸ್ ಗಂಡಸರದ್ದು, ಒಳಗಿರೋದು ಹೆಂಗಸರ ಜೋಡಿ.

ಇದರಿಂದ ನಕಲಿ ಅಂತ ಸಾಬೀತಾಯ್ತಾ? ಇಲ್ಲ. ಮನೆಯಲ್ಲಿ ಎರಡು ಜೋಡಿ ಇದ್ದು ಬಾಕ್ಸ್ ಅದಲುಬದಲಾಗಿರಬಹುದು. ಎಲ್ಲಿಂದಲೋ ಖಾಲಿ ಬಾಕ್ಸ್ ತಂದು ನಕಲಿ ಜೋಡಿ ತುಂಬಿರಲೂಬಹುದು. ಫೋಟೋ ನೋಡಿ ಇದನ್ನ ತೀರ್ಮಾನ ಮಾಡೋಕಾಗಲ್ಲ. ಆದ್ರೆ ಒಂದಂತೂ ಖಚಿತ: ‘ಮೆನ್ಸ್, ಅದರದ್ದೇ ಬಾಕ್ಸ್’ ಅನ್ನೋ ಮಾತು ಸುಳ್ಳು. ಆ ಮಾತಿಗೆ ತಾನೇ ದುಡ್ಡು ಕೇಳ್ತಿರೋದು?

ಹಾಗಾದ್ರೆ ಏನು ಮಾಡೋದು? ಸೆಲ್ಲರ್ ಹತ್ರ ಒಂದೇ ಒಂದು ಹೊಸ ಫೋಟೋ ಕೇಳಿ. ಬಾಕ್ಸ್ ಲೇಬಲ್, ಟ್ಯಾಗ್, ಇವತ್ತಿನ ತಾರೀಖು ಬರೆದ ಚೀಟಿ, ಮೂರೂ ಒಂದೇ ಫ್ರೇಮ್‌ನಲ್ಲಿ ಇರಬೇಕು. ಬೇರೆ ಬೇರೆ ಫೋಟೋ ಆದ್ರೆ ಒಂದು ಅವರ ಮನೆಯದ್ದು, ಇನ್ನೊಂದು ಇಂಟರ್ನೆಟ್‌ನಿಂದ ಎತ್ತಿದ್ದು ಆಗಿರಬಹುದು. ಆ ಫೋಟೋದಲ್ಲಿ ಕೋಡ್ ನೋಡಿ, ಯುಎಸ್ ಸೈಜ್ ನೋಡಿ, ಆಮೇಲೆ ಬಾರ್‌ಕೋಡ್ ಕೆಳಗಿನ 12 ಅಂಕಿಯ ಯುಪಿಸಿ ನಂಬರ್ ನೋಡಿ. ಸ್ಟೈಲ್ ಕೋಡ್ ಎಲ್ಲಾ ಸೈಜಿಗೂ ಒಂದೇ, ಯುಪಿಸಿ ಮಾತ್ರ ಪ್ರತಿ ಸೈಜಿಗೂ ಬೇರೆ. ಟ್ಯಾಗ್ ಮೇಲೂ ಆ ನಂಬರ್ ಇದ್ರೆ ಎರಡನ್ನೂ ಹೋಲಿಸಿ. ಮುಂದೆ ಸೊನ್ನೆಗಳು ಜಾಸ್ತಿ ಇದ್ರೆ ಅವನ್ನ ಬಿಟ್ಟು ಉಳಿದದ್ದು ನೋಡಿ.

ಇನ್ನೊಂದು ಮಾತು. ಎಲ್ಲಾ ತಾಳೆ ಆಯ್ತು ಅಂದ್ರೆ ಶೂ ಅಸಲಿ ಅಂತ ಅಲ್ಲ. ನಕಲಿ ಮಾಡೋರು ಅಸಲಿ ಲೇಬಲ್ ನೋಡಿ ಅದೇ ಕೋಡ್, ಅದೇ ನಂಬರ್ ಪ್ರಿಂಟ್ ಹಾಕ್ತಾರೆ. ಈ ಚೆಕ್ ತಪ್ಪನ್ನ ಹಿಡಿಯುತ್ತೆ, ಅಸಲಿತನಕ್ಕೆ ಸರ್ಟಿಫಿಕೇಟ್ ಕೊಡಲ್ಲ. ಹೊಲಿಗೆ, ಆಕಾರ, ಲೆದರ್ ನೋಡೋದು ಇದರ ನಂತರದ ಹೆಜ್ಜೆ.

ನನ್ನ ಫ್ರೆಂಡ್ ಆ ಫೋಟೋ ಕೇಳಿದ. “ಬ್ರೋ, ಬೇಕಾದ್ರೆ ತಗೋ, ಇಲ್ಲಾಂದ್ರೆ ಬಿಡು” ಅಂತ ಉತ್ತರ ಬಂತು. ಅವನು ಬಿಟ್ಟ.

ನೀವು ನೋಡ್ತಿರೋ ಲಿಸ್ಟಿಂಗ್‌ನಲ್ಲಿ ಟ್ಯಾಗ್ ಫೋಟೋನೇ ಇಲ್ವಾ? ಹಾಗಿದ್ರೆ ಬೆಲೆ ಮಾತಾಡೋಕೆ ಮುಂಚೆ ಅದನ್ನೇ ಕೇಳಿ. ಮುಂದಿನ ವಾರ ಸಿಗೋಣ.