ತಿಂಗಳ ನೋವು: ಸಹಜ ಎಷ್ಟು, ಸ್ಕ್ಯಾನ್ ಯಾವಾಗ?

ಮುಟ್ಟಿನ ಹೊಟ್ಟೆನೋವಿನ ಮಾತು ಬಂದಾಗ ನಮ್ಮ ಮನೆಗಳಲ್ಲಿ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಒಂದು, "ಎಲ್ಲರಿಗೂ ಇರುವುದೇ." ಇನ್ನೊಂದು, "ಮದುವೆಯಾದರೆ ಸರಿಹೋಗುತ್ತದೆ." ಮೊದಲನೆಯದರಲ್ಲಿ ಅರ್ಧ ಸತ್ಯವಿದೆ. ಎರಡನೆಯದನ್ನು ನಂಬಿ ವರ್ಷಗಟ್ಟಲೆ ಕಾದವರು ಬಹಳ ಮಂದಿ. ನಾನು ವೈದ್ಯಕೀಯ ಓದಿದವಳಲ್ಲ. ವಿಜ್ಞಾನದ ಪದವಿ ಪಡೆದು ಕಾರ್ಯಕ್ರಮ ತಯಾರಿಸುವವಳು. ಆದ್ದರಿಂದ ಮೊದಲು ನೋವಿನ ಕಾರಣವನ್ನೇ ನೋಡೋಣ.

ಸ್ರಾವ ಆರಂಭವಾಗುವ ಹೊತ್ತಿಗೆ ಗರ್ಭಕೋಶದ ಒಳಪದರದಿಂದ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ. ಅದು ಗರ್ಭಕೋಶದ ಸ್ನಾಯುವನ್ನು ಹಿಂಡುತ್ತದೆ. ಹಿಂಡಿದಾಗ ರಕ್ತನಾಳಗಳು ಒತ್ತಿಹೋಗಿ ಸ್ನಾಯುವಿಗೆ ಆಮ್ಲಜನಕ ಸಾಲದೆ ನೋಯುತ್ತದೆ. ಕೆಲವರಿಗೆ ವಾಂತಿ, ಭೇದಿ ಆಗುವುದೂ ಇದರಿಂದಲೇ. ಎರಡು ಮೂರು ದಿನಗಳಲ್ಲಿ ಈ ರಾಸಾಯನಿಕ ಇಳಿಯುತ್ತದೆ, ನೋವೂ ಇಳಿಯುತ್ತದೆ. ಸಾಮಾನ್ಯ ನೋವಿಗೆ ಹೀಗೆ ಒಂದು ಗಡಿಯಾರವಿದೆ: ಸ್ರಾವದ ಜೊತೆಗೋ ಕೆಲವು ಗಂಟೆ ಮೊದಲೋ ಬಂದು, ಹೆಚ್ಚೆಂದರೆ ಮೂರು ದಿನ ಇದ್ದು ಹೋಗುತ್ತದೆ.

ಮೆಫೆನಾಮಿಕ್ ಆಮ್ಲ, ಐಬುಪ್ರೊಫೆನ್‌ನಂಥ ಮಾತ್ರೆಗಳು ಪ್ರೊಸ್ಟಾಗ್ಲಾಂಡಿನ್ ತಯಾರಾಗುವುದನ್ನು ತಡೆಯುತ್ತವೆ. ಆಗಲೇ ತಯಾರಾದದ್ದನ್ನು ಅಳಿಸುವುದಿಲ್ಲ. ನೋವು ತಡೆಯಲಾರದೆ ಮುದುಡಿ ಮಲಗಿದ ಮೇಲೆ ನುಂಗಿ "ಮಾತ್ರೆ ಕೆಲಸ ಮಾಡಲಿಲ್ಲ" ಎನ್ನುವವರು ಇದನ್ನು ಗಮನಿಸಬೇಕು. ಮೊದಲ ಸೂಚನೆ ಕಂಡಾಗಲೇ, ಊಟವಾದ ಮೇಲೆ, ವೈದ್ಯರು ಹೇಳಿದ ಪ್ರಮಾಣದಲ್ಲಿ ಒಂದೆರಡು ದಿನ ತೆಗೆದುಕೊಳ್ಳಬೇಕು. ಹೊಟ್ಟೆಹುಣ್ಣು, ಉಬ್ಬಸ, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಈಗ ಒಂದು ಉದಾಹರಣೆ ತೆಗೆದುಕೊಳ್ಳೋಣ. ಬಿ.ಎಸ್ಸಿ. ಎರಡನೆಯ ವರ್ಷದ ವಿದ್ಯಾರ್ಥಿನಿ. ಹದಿನಾಲ್ಕರಲ್ಲಿ ನೋವು ಶುರುವಾದಾಗ ಒಂದು ದಿನದ ಮಟ್ಟಿನದು, ಬಿಸಿನೀರಿನ ಚೀಲ ಸಾಕಾಗುತ್ತಿತ್ತು. ಹದಿನೇಳರ ನಂತರ ಸ್ರಾವಕ್ಕೆ ಮೂರು ದಿನ ಮೊದಲೇ ಕಿಬ್ಬೊಟ್ಟೆ, ಸೊಂಟ ಹಿಡಿಯತೊಡಗಿತು. ಆ ದಿನಗಳಲ್ಲಿ ಮಲವಿಸರ್ಜನೆಗೆ ಕುಳಿತರೆ ಚುಚ್ಚಿದಂತೆ ನೋವು. ಪ್ರತಿ ತಿಂಗಳೂ ಎರಡು ದಿನ ಪ್ರಯೋಗಾಲಯಕ್ಕೆ ಗೈರು. ಆಕೆ ಮೂರು ತಿಂಗಳು ಒಂದು ಪುಸ್ತಕದಲ್ಲಿ ಬರೆದಿಟ್ಟಳು: ನೋವು ಬಂದ ದಿನ, ಸ್ರಾವ ಬಂದ ದಿನ, ಮಾತ್ರೆಯ ಹೊತ್ತು, ತಪ್ಪಿದ ತರಗತಿ. ಸರಿಯಾದ ಹೊತ್ತಿಗೆ ಮಾತ್ರೆ ತೆಗೆದುಕೊಂಡರೂ ಮೂರು ತಿಂಗಳಲ್ಲಿ ಹಾಜರಿ ಸುಧಾರಿಸಲಿಲ್ಲ. ಸ್ತ್ರೀರೋಗ ತಜ್ಞರನ್ನು ಕಂಡು ಸ್ಕ್ಯಾನ್ ಮಾಡಿಸುವ ಹೊತ್ತು ಇದೇ.

ಇಲ್ಲಿ ವೈದ್ಯರಿಗೆ ಬರುವ ಅನುಮಾನ ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಅಂಡಾಶಯದ ಮೇಲೆ, ಕಿಬ್ಬೊಟ್ಟೆಯ ಒಳಪೊರೆಯ ಮೇಲೆ, ಗರ್ಭಕೋಶ ಮತ್ತು ಗುದನಾಳದ ನಡುವೆ ಬೆಳೆದಿರುತ್ತದೆ. ಅದು ಸುತ್ತಲೂ ಉರಿಯೂತ ಉಂಟುಮಾಡುತ್ತದೆ. ಕ್ರಮೇಣ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳಲೂಬಹುದು. ಮಲವಿಸರ್ಜನೆಯ ನೋವಿಗೆ ಇದು ಕಾರಣವಾಗಬಲ್ಲದು. ಅಪರೂಪದ ಕಾಯಿಲೆಯೇನಲ್ಲ, ಹೆರುವ ವಯಸ್ಸಿನ ಮಹಿಳೆಯರಲ್ಲಿ ಸುಮಾರು ಶೇಕಡ 10 ಮಂದಿಗೆ ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಆಕೆಗೆ ಮಾಡಿದ್ದು ಹೊಟ್ಟೆಯ ಮೇಲಿನ ಸ್ಕ್ಯಾನ್. ಮೊದಲೇ ನೀರು ಕುಡಿದು ಮೂತ್ರಕೋಶ ತುಂಬಿಸಿಕೊಂಡು ಹೋಗಬೇಕು. ತುಂಬಿದ ಮೂತ್ರಕೋಶದ ಮೂಲಕ ಹಿಂದಿನ ಅಂಗಗಳು ಚೆನ್ನಾಗಿ ಕಾಣುತ್ತವೆ. ಯೋನಿಯ ಮೂಲಕ ಮಾಡುವ ಸ್ಕ್ಯಾನ್ ಇನ್ನೂ ಸ್ಪಷ್ಟ, ಆದರೆ ಅದಕ್ಕೆ ಹುಡುಗಿಯ ಒಪ್ಪಿಗೆ ಬೇಕು, ಬೇಡವೆನ್ನಬಹುದು. ವರದಿ ಬಂತು: "ಎಲ್ಲವೂ ಸಹಜ." ಮನೆಯವರು ನಿಟ್ಟುಸಿರುಬಿಟ್ಟು "ನೋಡು, ಏನೂ ಇಲ್ಲ" ಎಂದರು.

ಎಡವುವುದು ಇಲ್ಲಿಯೇ. ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ಚೀಲವಿದ್ದರೆ ಸ್ಕ್ಯಾನಿನಲ್ಲಿ ಕಾಣುತ್ತದೆ. ಅದರ ಬಣ್ಣ ನೋಡಿ ವೈದ್ಯರು ಚಾಕೊಲೇಟ್ ಸಿಸ್ಟ್ ಎನ್ನುತ್ತಾರೆ. ಆದರೆ ಒಳಪೊರೆಯ ಮೇಲೆ ಕೆಲವೇ ಮಿಲಿಮೀಟರಿನ ಚುಕ್ಕೆಗಳಾಗಿ ಹರಡಿದ್ದರೆ ಸಾಮಾನ್ಯವಾಗಿ ಕಾಣುವುದಿಲ್ಲ. ಸಹಜ ಎಂಬ ವರದಿ ಚೀಲವಿಲ್ಲ ಎನ್ನುತ್ತದೆ, ರೋಗವಿಲ್ಲ ಎನ್ನುವುದಿಲ್ಲ. ಹಿಂದೆ ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ಲ್ಯಾಪರೊಸ್ಕೋಪಿನಿಂದ ನೋಡಿದ ಮೇಲೆಯೇ ರೋಗವನ್ನು ಖಚಿತಪಡಿಸುತ್ತಿದ್ದರು. 2022ರ ಯುರೋಪಿನ ತಜ್ಞರ ಮಾರ್ಗಸೂಚಿ, ಲಕ್ಷಣ ಬಲವಾಗಿದ್ದು ಸ್ಕ್ಯಾನ್ ಸಹಜವಿದ್ದರೂ ಹಾರ್ಮೋನಿನ ಚಿಕಿತ್ಸೆ ಆರಂಭಿಸಬಹುದು ಎನ್ನುತ್ತದೆ. ನಮ್ಮ ವಿದ್ಯಾರ್ಥಿನಿಗೂ ವೈದ್ಯರು ಪುಸ್ತಕ ನೋಡಿ ಅದನ್ನೇ ಬರೆದುಕೊಟ್ಟರು. "ಮದುವೆಯಾಗದ ಹುಡುಗಿಗೆ ಗರ್ಭನಿರೋಧಕ ಮಾತ್ರೆಯೇ?" ಎಂದು ತಾಯಿ ಬೆಚ್ಚಿದರು. ಇಲ್ಲಿ ಅದು ನೋವಿನ ಔಷಧಿ. ನಿಲ್ಲಿಸಿದ ಮೇಲೆ ಮುಟ್ಟು ಮರಳುತ್ತದೆ, ಮುಂದೆ ಮಕ್ಕಳಾಗುವುದಕ್ಕೆ ಅಡ್ಡಿಯಿಲ್ಲ.

ಮೂರು ತಿಂಗಳು ಕಾಯಬಾರದ ಸಂದರ್ಭಗಳೂ ಉಂಟು. ಮೊದಲ ಮುಟ್ಟಿನಿಂದಲೇ ತೀವ್ರ ನೋವಿದ್ದರೆ, ಅಥವಾ ಮುಟ್ಟೇ ಆಗದೆ ತಿಂಗಳು ತಿಂಗಳೂ ಹೊಟ್ಟೆ ನೋಯುತ್ತಿದ್ದರೆ ಸ್ರಾವದ ದಾರಿಯಲ್ಲಿ ತಡೆಯಿರಬಹುದು. ಬೇಗ ಸ್ಕ್ಯಾನ್ ಆಗಬೇಕು. ಒಂದೇ ಬದಿಯಲ್ಲಿ ಹಠಾತ್ತನೆ ತಡೆಯಲಾರದ ನೋವು, ಜೊತೆಗೆ ವಾಂತಿ ಬಂದರೆ ಅಂಡಾಶಯ ತಿರುಚಿಕೊಂಡಿರಬಹುದು. ಆಗ ಅದೇ ದಿನ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಬೇಕು.